ಹತ್ತು ಸೀಟಿನ ಸೈಬರ್‌ಗೆ ಒಂದೇ ಥರದ ಹೊಸ ಸಿಸ್ಟಂ: ಸ್ಪೇರ್ ಲೆಕ್ಕದಿಂದಲೇ ಶುರು ಮಾಡಿ

ಮಲೆನಾಡಿನ ಹಳೇ ಸೈಬರ್ ಅಂಗಡಿಗಳಲ್ಲಿ ಹತ್ತು ಸಿಸ್ಟಂ ಇದ್ದರೆ ಹತ್ತೂ ಬೇರೆ ಬೇರೆ ಕಾಲದವು. ಒಂದರಲ್ಲಿ ಕೋರ್ 2 ಡ್ಯುಯೋ, ಪಕ್ಕದ್ದರಲ್ಲಿ ಮೂರನೇ ತಲೆಮಾರಿನ ಐ3, ಮೂಲೆಯದರಲ್ಲಿ ಎಲ್ಲಿಂದಲೋ ಬಂದ ಬ್ರ್ಯಾಂಡೆಡ್ ಡಬ್ಬ. ಒಂದರ ರ್‍ಯಾಮ್ ಇನ್ನೊಂದಕ್ಕೆ ಕೂರುವುದಿಲ್ಲ, ಒಂದರ ಡ್ರೈವರ್ ಇನ್ನೊಂದಕ್ಕೆ ಆಗುವುದಿಲ್ಲ. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಾದರೆ ಎಂಟನೇ ಅಥವಾ ಅದಕ್ಕೂ ಹೊಸ ತಲೆಮಾರಿನ ಪ್ರೊಸೆಸರ್ ಮತ್ತು ಟಿಪಿಎಂ 2.0 ಬೇಕು. ಹಾಗಾಗಿ ಈ ಹಳೇ ಸಿಸ್ಟಂಗಳಿಗೆ ಎಸ್‌ಎಸ್‌ಡಿ ಹಾಕಿ ಇನ್ನೆರಡು ವರ್ಷ ತಳ್ಳುವ ದಾರಿ ಹೆಚ್ಚುಕಡಿಮೆ ಮುಚ್ಚಿದೆ.

ಎಲ್ಲವನ್ನೂ ಒಟ್ಟಿಗೆ ಬದಲಾಯಿಸುವಾಗ ಮಾಲೀಕರು ಮೊದಲು ಕೇಳುವುದು "ಒಂದು ಸಿಸ್ಟಂ ಎಷ್ಟಕ್ಕೆ ಬೀಳತ್ತೆ?" ಅಂತ. ನಾನು ಮೊದಲು ಕೇಳಿಸಿಕೊಳ್ಳಬಯಸುವ ಪ್ರಶ್ನೆ ಬೇರೆ: "ಜುಲೈ ತಿಂಗಳ ಮಳೆಯಲ್ಲಿ ಏಳನೇ ಸೀಟು ಸತ್ತರೆ ಎಷ್ಟು ಹೊತ್ತಿಗೆ ಮತ್ತೆ ಕೆಲಸಕ್ಕೆ ಬರತ್ತೆ?" ಈ ಟಿಪ್ಪಣಿ ಆ ಪ್ರಶ್ನೆಯ ಮೇಲೇ ನಿಂತಿದೆ. ಲೆಕ್ಕಕ್ಕೆ ಒಂದು ಅಂಗಡಿ ಇಟ್ಟುಕೊಳ್ಳೋಣ: ಸಾಗರದ ಬಸ್‌ಸ್ಟ್ಯಾಂಡ್ ಹತ್ತಿರ, ಹತ್ತು ಸೀಟು, ಪಹಣಿ, ಸೇವಾ ಸಿಂಧು, ಸಿಇಟಿ ಅರ್ಜಿ, ಸ್ಕಾಲರ್‌ಶಿಪ್, ಪ್ರಿಂಟು, ಜೆರಾಕ್ಸ್. ಶಿವಮೊಗ್ಗದ ಡೀಲರ್ 70 ಕಿ.ಮೀ. ದೂರ. ವಾರಂಟಿಗೆ ಕೊಟ್ಟ ಸಾಮಾನು ಬಹಳ ಸಲ ಬೆಂಗಳೂರಿಗೇ ಹೋಗಿ ಬರಬೇಕು.

ಮೊದಲ ಹೆಜ್ಜೆ: ಯಾವಾಗ ಮಾಡುವುದು

ನವೆಂಬರ್‌ನಿಂದ ಜನವರಿಯೊಳಗೆ ಮುಗಿಸಿ. ಆಗ ಮಳೆ ನಿಂತಿರುತ್ತದೆ, ಗೋಡೆ ಒಣಗಿರುತ್ತದೆ, ವೈರಿಂಗ್ ಕೆಲಸ ಮಾಡಿಸಲು ಎಲೆಕ್ಟ್ರಿಷಿಯನ್ ಸಿಗುತ್ತಾರೆ. ಏಪ್ರಿಲ್-ಮೇ ತಿಂಗಳಲ್ಲಿ ಎರಡು ತೊಂದರೆ ಒಟ್ಟಿಗೆ ಬರುತ್ತವೆ. ಪಿಯುಸಿ, ಎಸ್‌ಎಸ್‌ಎಲ್‌ಸಿ ಫಲಿತಾಂಶದ ಹಿಂದೆಯೇ ಕಾಲೇಜು ಅರ್ಜಿಗಳ ಜನ ನುಗ್ಗುತ್ತಾರೆ. ಮುಂಗಾರಿಗೆ ಮುಂಚಿನ ಗುಡುಗು-ಸಿಡಿಲೂ ಆಗಲೇ ಜೋರು. ಆ ಹೊತ್ತಿಗೆ ಹೊಸ ಸಿಸ್ಟಂಗಳು ಕೂತು, ಚಿಕ್ಕಪುಟ್ಟ ದೋಷವೆಲ್ಲ ಹೊರಬಿದ್ದು ಸರಿಯಾಗಿರಬೇಕು.

ಎರಡನೇ ಹೆಜ್ಜೆ: ಹೊಸ ಅಸೆಂಬಲ್ ಅಥವಾ ಸೆಕೆಂಡ್ಸ್ ಬ್ರ್ಯಾಂಡೆಡ್

ಎರಡೂ ನಡೆಯುತ್ತದೆ, ಆದರೆ ಸ್ಪೇರ್ ಲೆಕ್ಕ ಪೂರ್ತಿ ಬೇರೆ.

ಬೆಂಗಳೂರಿನ ಎಸ್‌ಪಿ ರೋಡ್ ಕಡೆ ಕಂಪನಿಗಳಿಂದ ಲೀಸ್ ಮುಗಿದು ಬಂದ ಡೆಲ್, ಎಚ್‌ಪಿ, ಲೆನೊವೊ ಡೆಸ್ಕ್‌ಟಾಪ್‌ಗಳು ರಾಶಿ ಸಿಗುತ್ತವೆ. ಎಂಟನೇ ತಲೆಮಾರಿನ ಐ5 ಇದ್ದರೆ ಸೈಬರ್ ಕೆಲಸಕ್ಕೆ ಧಾರಾಳ ಸಾಕು. ತೊಂದರೆ ಇರುವುದು ಇವುಗಳ ಎಸ್‌ಎಂಪಿಎಸ್ ಮತ್ತು ಬೋರ್ಡ್‌ನಲ್ಲಿ. ಪವರ್ ಕನೆಕ್ಟರ್, ಆಕಾರ, ಸ್ಕ್ರೂ ತೂತು ಎಲ್ಲ ಆಯಾ ಕಂಪನಿಯದೇ. ಸಾಗರದಲ್ಲಿ ಯಾವ ಅಂಗಡಿಗೆ ಹೋದರೂ ಸಿಗುವ ಮಾಮೂಲಿ ಎಸ್‌ಎಂಪಿಎಸ್ ಇದಕ್ಕೆ ಹೊಂದುವುದಿಲ್ಲ. ಆದ್ದರಿಂದ ಈ ದಾರಿ ಹಿಡಿಯುವವರು ಬಿಡಿಭಾಗ ಹುಡುಕುವ ಗೋಜಿಗೇ ಹೋಗಬಾರದು. ಹತ್ತು ಸೀಟಿಗೆ ಹದಿಮೂರು ಇಡೀ ಸಿಸ್ಟಂ ತೆಗೆದುಕೊಂಡು, ಮೂರನ್ನು ಬಿಚ್ಚಿ ಬಳಸಲೆಂದೇ ಇಡಬೇಕು. ಹದಿಮೂರೂ ಒಂದೇ ಮಾಡೆಲ್, ಒಂದೇ ಗಾತ್ರದ ಕ್ಯಾಬಿನೆಟ್ ಇರಲಿ. ಒಂದೇ ಮಾಡೆಲ್ ನಂಬರಿನಲ್ಲಿ ದೊಡ್ಡ ಟವರೂ ಇರುತ್ತದೆ, ಸಣ್ಣ ಡಬ್ಬವೂ ಇರುತ್ತದೆ. ಅವೆರಡರ ಎಸ್‌ಎಂಪಿಎಸ್ ಬೇರೆ.

ನನ್ನ ಒಲವು ಹೊಸ ಅಸೆಂಬಲ್ ಕಡೆಗೆ. ಮಾಮೂಲಿ ಎಟಿಎಕ್ಸ್ ಎಸ್‌ಎಂಪಿಎಸ್ ಇರುವುದರಿಂದ, ಇಟ್ಟಿದ್ದ ಸ್ಪೇರ್ ಮುಗಿದರೂ ಶಿವಮೊಗ್ಗದ ಯಾವ ಅಂಗಡಿಯಿಂದಲಾದರೂ ಅದೇ ದಿನ ತರಬಹುದು. ಉದಾಹರಣೆಗೆ ಐ3-12100 ಪ್ರೊಸೆಸರ್, ಎಚ್‌610 ಬೋರ್ಡ್, ಡಿಡಿಆರ್4 8 ಜಿಬಿ ರ್‍ಯಾಮ್ ಒಂದೇ ಕಡ್ಡಿ, 256 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ. ಗ್ರಾಫಿಕ್ಸ್ ಪ್ರೊಸೆಸರ್‌ನಲ್ಲೇ ಇದೆ, ಬೇರೆ ಕಾರ್ಡ್ ಬೇಡ. ಹೆಸರಿನ ಕೊನೆಯಲ್ಲಿ 'ಎಫ್' ಇರುವ ಪ್ರೊಸೆಸರ್ ಅಗ್ಗ ಅಂತ ಯಾರಾದರೂ ಕೊಟ್ಟರೆ ಬೇಡ ಅನ್ನಿ; ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ, ಮಾನಿಟರ್‌ಗೆ ಚಿತ್ರವೇ ಬರುವುದಿಲ್ಲ. ಹಳೇ ಮಾನಿಟರ್ ಚೆನ್ನಾಗಿದ್ದರೆ ಅವೇ ಇರಲಿ, ಆದರೆ ಬಹುಪಾಲು ಬರೀ ವಿಜಿಎ. ವಿಜಿಎ ಕಿಂಡಿ ಇರುವ ಬೋರ್ಡನ್ನೇ ಆರಿಸಿ, ಹತ್ತು ಸೀಟಿಗೆ ಹತ್ತು ಕನ್ವರ್ಟರ್ ನೇತುಹಾಕುವ ತಲೆನೋವು ತಪ್ಪುತ್ತದೆ.

ಮೂರನೇ ಹೆಜ್ಜೆ: 'ಒಂದೇ ಥರ' ಅಂದರೆ ಎಷ್ಟು ಒಂದೇ

ಡೀಲರ್‌ಗೆ "ಹತ್ತೂ ಸೇಮ್ ಇರ್ಲಿ ಸಾರ್" ಅಂದರೆ ಸಾಲದು. ಅವರ ಪಾಲಿಗೆ ಸೇಮ್ ಅಂದರೆ ಅದೇ ಪ್ರೊಸೆಸರ್, ಅಷ್ಟೇ ರ್‍ಯಾಮ್. ನಿಮಗೆ ಬೇಕಾದ ಸೇಮ್ ಇನ್ನೂ ಕೆಳಗಿನ ಮಟ್ಟದ್ದು.

ಮದರ್‌ಬೋರ್ಡ್‌ನಲ್ಲಿ ಮಾಡೆಲ್ ಹೆಸರಿನ ಜೊತೆ ರಿವಿಷನ್ ನಂಬರ್ ಅಂತ ಒಂದಿರುತ್ತದೆ, ಬೋರ್ಡ್‌ನ ಅಂಚಿನಲ್ಲೋ ಡಬ್ಬದ ಸ್ಟಿಕರ್ ಮೇಲೋ ಅಚ್ಚಾಗಿರುತ್ತದೆ. ರಿವಿಷನ್ ಬದಲಾದರೆ ಒಳಗಿನ ಲ್ಯಾನ್ ಅಥವಾ ಆಡಿಯೋ ಚಿಪ್ ಬದಲಾಗಿರಬಹುದು, ಡ್ರೈವರೂ ಬೇರೆಯಾಗುತ್ತದೆ. ಎಚ್‌610ನಲ್ಲಿ ಡಿಡಿಆರ್4 ಬೋರ್ಡೂ ಇದೆ, ಡಿಡಿಆರ್5 ಬೋರ್ಡೂ ಇದೆ, ಹೆಸರಿನಲ್ಲಿ ಒಂದೆರಡು ಅಕ್ಷರದ ವ್ಯತ್ಯಾಸ ಅಷ್ಟೆ. ಎರಡು ಕಲೆತು ಬಂದರೆ ನಿಮ್ಮ ಸ್ಪೇರ್ ರ್‍ಯಾಮ್ ಅರ್ಧ ಅಂಗಡಿಗೆ ಉಪಯೋಗವಿಲ್ಲ.

ಎಸ್‌ಎಸ್‌ಡಿಯಲ್ಲಿ 240, 250, 256 ಅಂತ ಮೂರು ಅಳತೆ ಮಾರುಕಟ್ಟೆಯಲ್ಲಿವೆ. ಡೀಲರ್ ಹತ್ತಿರ 256 ಆರೇ ಇದ್ದರೆ ಉಳಿದಕ್ಕೆ 240 ಹಾಕಿ ಕೊಡುವುದು ಮಾಮೂಲು. ದಿನನಿತ್ಯದ ಬಳಕೆಯಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಮಾಸ್ಟರ್ ಇಮೇಜ್, ಅಂದರೆ ಒಂದು ಸಿಸ್ಟಂ ಸಿದ್ಧ ಮಾಡಿ ತೆಗೆದ ಇಡೀ ಡಿಸ್ಕ್‌ನ ನಕಲು, ಉಳಿದವಕ್ಕೆ ಸುರಿಯುವ ದಿನ: 256ರಿಂದ ತೆಗೆದ ಇಮೇಜ್ 240ಕ್ಕೆ ನೇರವಾಗಿ ಇಳಿಯುವುದಿಲ್ಲ, ಗುರಿ ಡಿಸ್ಕ್ ಚಿಕ್ಕದು ಅಂತ ನಿಂತುಬಿಡುತ್ತದೆ.

ಹಾಗಾಗಿ ಕೊಟೇಷನ್‌ನಲ್ಲೇ ಬೋರ್ಡ್‌ನ ಪೂರ್ತಿ ಮಾಡೆಲ್ ಮತ್ತು ರಿವಿಷನ್, ರ್‍ಯಾಮ್ ಮತ್ತು ಎಸ್‌ಎಸ್‌ಡಿಯ ಪಾರ್ಟ್ ನಂಬರ್, ಎಸ್‌ಎಂಪಿಎಸ್ ಮಾಡೆಲ್ ಬರೆಸಿ. ರ್‍ಯಾಮ್, ಎಸ್‌ಎಸ್‌ಡಿ ದರ ವಾರದಿಂದ ವಾರಕ್ಕೆ ಏರಿಳಿಯುವುದರಿಂದ ದರ ಯಾವ ದಿನದವರೆಗೆ ನಿಲ್ಲುತ್ತದೆ ಅಂತಲೂ ಬರೆಸಿ. ಸ್ಪೇರ್‌ಗಳೂ ಅದೇ ಬಿಲ್‌ನಲ್ಲಿ, ಅದೇ ದಿನ ಬರಲಿ. "ಆಮೇಲೆ ಬೇಕಾದಾಗ ತಗೊಳ್ಳಿ, ಯಾವಾಗ್ಲೂ ಸಿಗತ್ತೆ" ಅನ್ನುವ ಮಾತು ಬೋರ್ಡ್ ವಿಷಯದಲ್ಲಂತೂ ನಂಬಬೇಡಿ. ಬಿಲ್‌ನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಇಲ್ಲದಿದ್ದರೆ ಮುಂದೆ ವಾರಂಟಿ ಕೇಳುವಾಗ ಎಳೆದಾಟ ಶುರುವಾಗುತ್ತದೆ. ಬೆಂಗಳೂರಿನಿಂದ ತರಿಸುವುದಾದರೆ ಸರಕು 50,000 ರೂಪಾಯಿ ದಾಟಿದಾಗ ಇ-ವೇ ಬಿಲ್ ಬೇಕು. ಅದನ್ನು ಯಾರು ಮಾಡುತ್ತಾರೆ ಅಂತ ಮೊದಲೇ ಮಾತಾಡಿಕೊಳ್ಳಿ.

ಮಾಲು ಬಂದ ದಿನ ಪ್ರತಿ ಸಿಸ್ಟಂನಲ್ಲಿ ಪವರ್‌ಶೆಲ್ ತೆರೆದು ಇಷ್ಟು ಓಡಿಸಿದರೆ ಒಳಗೆ ನಿಜವಾಗಿ ಏನಿದೆ ಅಂತ ಕಾಣುತ್ತದೆ:

```
Get-CimInstance Win32_BaseBoard | Select Product, Version, SerialNumber
Get-CimInstance Win32_BIOS | Select SMBIOSBIOSVersion
Get-CimInstance Win32_PhysicalMemory | Select PartNumber, Capacity
Get-PhysicalDisk | Select FriendlyName, SerialNumber, Size
```

ಒಂದು ಪುಸ್ತಕದಲ್ಲಿ ಸೀಟಿನ ನಂಬರಿನ ಎದುರು ಬರೆದಿಡಿ. ಆ ರಾತ್ರಿ ಮೆಮ್‌ಟೆಸ್ಟ್ ಹಾಕಿ ಹಾಗೇ ಬಿಡಿ. ಕೆಟ್ಟ ರ್‍ಯಾಮ್ ಇದ್ದರೆ ಕೆಂಪು ಸಾಲುಗಳು ಬೆಳಗಾಗುವಷ್ಟರಲ್ಲಿ ಕಾಣುತ್ತವೆ, ಬಾಕ್ಸ್ ಹೊಸದಿರುವಾಗಲೇ ಡೀಲರ್ ಬದಲಾಯಿಸಿ ಕೊಡುತ್ತಾರೆ.

ನಾಲ್ಕನೇ ಹೆಜ್ಜೆ: ಸ್ಪೇರ್ ಎಷ್ಟು

ಪ್ರತಿ ಭಾಗಕ್ಕೂ ಎರಡು ಪ್ರಶ್ನೆ ಹಾಕಿ: ನಮ್ಮ ಕಡೆ ಇದು ಎಷ್ಟು ಸಲ ಹೋಗುತ್ತದೆ, ಹೋದರೆ ಅದೇ ಭಾಗ ಕೈಗೆ ಬರಲು ಎಷ್ಟು ದಿನ ಬೇಕು. ಎಲ್ಲದರದೂ ಎರಡೆರಡು ಇಡುವುದು ದುಡ್ಡು ದಂಡ.

ಪ್ರೊಸೆಸರ್ ಸಾಯುವುದು ತೀರಾ ಅಪರೂಪ. ಎಸ್‌ಎಂಪಿಎಸ್ ಹಾಗಲ್ಲ. ನಮ್ಮ ಮೆಸ್ಕಾಂ ಲೈನ್‌ಗಳು ಕಾಡು, ತೋಟ ದಾಟಿ ಬರುತ್ತವೆ. ಮರ ಬಿದ್ದು ಕರೆಂಟ್ ಹೋಗುವುದು, ಬರುವಾಗ ಜಗ್ಗಿ ಬರುವುದು, ಸಿಡಿಲು, ಇವೆಲ್ಲ ಮೊದಲು ತಾಗುವುದು ಎಸ್‌ಎಂಪಿಎಸ್‌ಗೆ. ಹತ್ತು ಸೀಟಿಗೆ ಮೂರು ಇಡಿ. ಸಿಡಿಲಿನ ಎರಡನೇ ಬೇಟೆ ಲ್ಯಾನ್ ಪೋರ್ಟ್. ಸ್ವಿಚ್‌ನಿಂದ ಕೇಬಲ್ ಹಿಡಿದು ಬಂದು ಬೋರ್ಡ್‌ನ ಆ ಒಂದು ಭಾಗವನ್ನಷ್ಟೇ ಸುಟ್ಟು ಹೋಗುತ್ತದೆ. ಅದಕ್ಕೆ ಬೋರ್ಡನ್ನೇ ಬದಲಾಯಿಸಬೇಕಿಲ್ಲ, ಯುಎಸ್‌ಬಿ-ಲ್ಯಾನ್ ಅಡಾಪ್ಟರ್ ಎರಡು ಮತ್ತು ಅದೇ ಥರದ ಸ್ವಿಚ್ ಒಂದು ಇದ್ದರೆ ಸಾಕು.

ಬೋರ್ಡ್ ಕಡಿಮೆ ಸಲ ಹೋಗುತ್ತದೆ, ಆದರೆ ಮೂರು ವರ್ಷದ ನಂತರ ಅದೇ ಬೋರ್ಡ್ ಮಾರುಕಟ್ಟೆಯಲ್ಲಿ ಸಿಗುವುದು ಅದೃಷ್ಟ. ಅದಕ್ಕೇ ನಾನು ಹೇಳುವುದು ಹನ್ನೊಂದನೇ ಇಡೀ ಸಿಸ್ಟಂ ಒಂದು, ಬಿಡಿ ಬೋರ್ಡ್ ಇನ್ನೊಂದು. ರ್‍ಯಾಮ್ ಎರಡು, ಎಸ್‌ಎಸ್‌ಡಿ ಎರಡು. ಎಸ್‌ಎಸ್‌ಡಿಗಳನ್ನು ಖಾಲಿ ಇಡಬೇಡಿ, ಮಾಸ್ಟರ್ ಇಮೇಜ್ ಸುರಿದು, ಮೇಲೆ ತಾರೀಖು ಬರೆದ ಚೀಟಿ ಅಂಟಿಸಿ ಇಡಿ. ಕೀಬೋರ್ಡ್, ಮೌಸ್ ನಾಲ್ಕು ನಾಲ್ಕು. ಗಿರಾಕಿಗಳ ಕೈಯಲ್ಲಿ ಮೊದಲು ಸವೆಯುವುದು ಅವೇ, ಊರಲ್ಲೇ ಸಿಗುತ್ತವೆ ಕೂಡ. ಎಲ್ಲ ಕೂಡಿಸಿದರೆ ಸ್ಪೇರ್ ಖರ್ಚು ಒಟ್ಟು ಬಜೆಟ್‌ನ ಶೇ. 15ರ ಆಸುಪಾಸು ಬರುತ್ತದೆ. ಜಾಸ್ತಿ ಅನ್ನಿಸಿದರೆ ಸೀಟು ಒಂಬತ್ತಕ್ಕೆ ಇಳಿಸಿ, ಸ್ಪೇರ್ ಕಡಿಮೆ ಮಾಡಬೇಡಿ.

ಹನ್ನೊಂದನೇ ಸಿಸ್ಟಂ ಅಟ್ಟಕ್ಕೆ ಏರಿಸಬೇಡಿ. ಆರು ತಿಂಗಳು ಮುಟ್ಟದೆ ಬಿಟ್ಟ ಸಿಸ್ಟಂ ನಮ್ಮ ಮಳೆಗಾಲದಲ್ಲಿ ರ್‍ಯಾಮ್ ಕಾಲುಗಳಲ್ಲಿ ಪಾಚಿ ಬಣ್ಣ ಹಿಡಿದು ಬೀಪ್ ಹೊಡೆಯಲು ಶುರು ಮಾಡುತ್ತದೆ. ವಾರಕ್ಕೊಮ್ಮೆ ಒಂದು ಗಂಟೆ ಆನ್ ಮಾಡಿ, ಅಪ್‌ಡೇಟ್ ಆಗಲಿ. ಬಿಡಿ ಬೋರ್ಡ್, ರ್‍ಯಾಮ್‌ಗಳನ್ನು ಅವುಗಳ ಆಂಟಿಸ್ಟ್ಯಾಟಿಕ್ ಕವರಿನಲ್ಲೇ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿಡಿ. ಕ್ಯಾಬಿನೆಟ್ ಹಿಂದಿನ ಖಾಲಿ ಕಿಂಡಿಗಳ ತಗಡು ಕಿತ್ತು ಬಿಟ್ಟಿದ್ದರೆ ಮುಚ್ಚಿ. ಬೆಚ್ಚಗಿನ ಎಸ್‌ಎಂಪಿಎಸ್ ಹುಡುಕಿ ಬಂದ ಹಲ್ಲಿ ತಾನೂ ಸತ್ತು ಬೋರ್ಡನ್ನೂ ಸಾಯಿಸಿದ್ದನ್ನು ಬಿಚ್ಚಿ ನೋಡಿದವರಿಗೆ ಇದು ತಮಾಷೆ ಅನ್ನಿಸುವುದಿಲ್ಲ.

ಐದನೇ ಹೆಜ್ಜೆ: ಕರೆಂಟ್ ಮತ್ತು ಅರ್ಥಿಂಗ್

ಹೊಸ ಸಿಸ್ಟಂ ಹಚ್ಚುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಪ್ಲಗ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮಲ್ಟಿಮೀಟರ್ ಇಟ್ಟು ನೋಡಿಸಿ. ಎರಡು-ಮೂರು ವೋಲ್ಟ್ ಒಳಗಿದ್ದರೆ ನೆಮ್ಮದಿ. ಅದಕ್ಕಿಂತ ತುಂಬಾ ಹೆಚ್ಚು ತೋರಿಸಿದರೆ, ಅಥವಾ ಕ್ಯಾಬಿನೆಟ್ ಮುಟ್ಟಿದಾಗ ಚುರುಗುಟ್ಟಿದರೆ, ಅರ್ಥಿಂಗ್ ಸರಿ ಮಾಡಿಸದೆ ಒಂದೂ ಸಿಸ್ಟಂ ಕೂರಿಸಬೇಡಿ. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗುವುದರಿಂದ ಮಾರ್ಚ್‌ನಲ್ಲಿ ಇನ್ನೊಮ್ಮೆ ನೋಡಿಸಿ.

ಯುಪಿಎಸ್ ಲೆಕ್ಕಕ್ಕೆ ಮಾನಿಟರ್ ಸೇರಿ ಸೀಟಿಗೆ 100 ವ್ಯಾಟ್ ಹಿಡಿದರೆ ಅರ್ಜಿ ತುಂಬುವ, ಬ್ರೌಸ್ ಮಾಡುವ ಕೆಲಸಕ್ಕೆ ಬೇಕಾದಷ್ಟಾಯಿತು. ಹತ್ತು ಸೀಟಿಗೆ 1,000 ವ್ಯಾಟ್. ಲೇಸರ್ ಪ್ರಿಂಟರ್ ಮತ್ತು ಜೆರಾಕ್ಸ್ ಮಷಿನ್ ಯಾವ ಕಾರಣಕ್ಕೂ ಆ ಲೈನ್‌ಗೆ ಬರಬಾರದು, ಬಿಸಿಯಾಗುವಾಗ ಒಮ್ಮೆಗೇ ಎಳೆಯುವ ಕರೆಂಟಿಗೆ ಯುಪಿಎಸ್ ಟ್ರಿಪ್ ಆಗಿ ಹತ್ತೂ ಅರ್ಜಿ ಅರ್ಧಕ್ಕೆ ಹೋಗುತ್ತವೆ.

ಆರನೇ ಹೆಜ್ಜೆ: ಒಂದು ಮಾಸ್ಟರ್, ಹತ್ತು ನಕಲು

ಒಂದೇ ಥರದ ಸಿಸ್ಟಂ ತಂದದ್ದರ ಫಲ ಕೈಗೆ ಬರುವುದು ಇಲ್ಲಿ. ಮೊದಲನೇ ಸಿಸ್ಟಂನಲ್ಲಿ ಬಯೋಸ್ ಅಪ್‌ಡೇಟ್ ಮಾಡಿ, ವಿಂಡೋಸ್ ಹಾಕಿ, ಡ್ರೈವರ್, ಪ್ರಿಂಟರ್, ನುಡಿ, ಪಿಡಿಎಫ್ ರೀಡರ್, ಬೆರಳಚ್ಚು ಸಾಧನದ ಡ್ರೈವರ್, ಗಿರಾಕಿಗಳಿಗೆ ಅಡ್ಮಿನ್ ಅಧಿಕಾರವಿಲ್ಲದ ಖಾತೆ, ಎಲ್ಲ ಸಿದ್ಧ ಮಾಡಿ. ಯಾವ ಪಾಸ್‌ವರ್ಡೂ ಬ್ರೌಸರ್‌ನಲ್ಲಿ ಉಳಿದಿರಬಾರದು, ನಿಮ್ಮ ಸ್ವಂತ ಲಾಗಿನ್ ಆಗಿರಬಾರದು. ಅದೂ ಹತ್ತು ಕಡೆ ನಕಲಾಗುತ್ತದೆ.

ಆಮೇಲೆ ಅಡ್ಮಿನ್ ಆಗಿ ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆಯೇ ನೋಡಿ. ವಿಂಡೋಸ್ 11 ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ತಾನಾಗಿಯೇ ಎನ್‌ಕ್ರಿಪ್ಟ್ ಮಾಡಿಬಿಡುವುದುಂಟು. ಆಗಿದ್ದರೆ ಎರಡನೇ ಸಾಲಿನಿಂದ ತೆಗೆಸಿ. ಪೂರ್ತಿ ಬಿಚ್ಚುವವರೆಗೆ ಕಾದು, ಮೊದಲ ಸಾಲನ್ನು ಮತ್ತೆ ಓಡಿಸಿ ಖಾತ್ರಿ ಮಾಡಿಕೊಂಡ ಮೇಲೆ ಮೂರನೆಯದು, ಅಂದರೆ ಈ ಸಿಸ್ಟಂನದೇ ಆದ ಗುರುತು ಅಳಿಸಿ ನಕಲಿಗೆ ಸಿದ್ಧ ಮಾಡುವ ಸಿಸ್‌ಪ್ರೆಪ್:

```
manage-bde -status
manage-bde -off C:
C:\Windows\System32\Sysprep\sysprep.exe /generalize /oobe /shutdown
```

ಸಿಸ್‌ಪ್ರೆಪ್ ಅರ್ಧಕ್ಕೆ ನಿಂತರೆ ಹೆಚ್ಚಾಗಿ ಸ್ಟೋರ್‌ನಿಂದ ಒಬ್ಬ ಬಳಕೆದಾರನಿಗಷ್ಟೇ ಇಳಿದ ಆ್ಯಪ್ ಕಾರಣ. ಅದೇ ಫೋಲ್ಡರ್‌ನ `Panther\setupact.log` ಕಡತದಲ್ಲಿ ಆ ಆ್ಯಪ್‌ನ ಹೆಸರೇ ಬರೆದಿರುತ್ತದೆ, ತೆಗೆದು ಮತ್ತೆ ಓಡಿಸಿ. ಸಿಸ್ಟಂ ಆಫ್ ಆದ ಮೇಲೆ ವಿಂಡೋಸ್‌ಗೆ ಹೋಗಲು ಬಿಡದೆ, ಡಿಸ್ಕ್ ನಕಲು ಮಾಡುವ ಕ್ಲೋನ್‌ಜಿಲ್ಲಾ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಇಮೇಜ್ ಅನ್ನು ಹೊರಗಿನ ಹಾರ್ಡ್‌ಡಿಸ್ಕ್‌ಗೆ ಉಳಿಸಿ.

ಈ ಇಮೇಜನ್ನು ಎರಡನೇ ಸಿಸ್ಟಂಗೆ ಮಾತ್ರ ಇಳಿಸಿ, ಎರಡು ದಿನ ಗಿರಾಕಿಗಳಿಗೆ ಬಿಡಿ. ಪಹಣಿ ಪ್ರಿಂಟ್ ಕನ್ನಡ ಅಕ್ಷರ ಒಡೆಯದೆ ಬರುತ್ತದೆಯೇ, ಬೆರಳಚ್ಚು ಹಿಡಿಯುತ್ತದೆಯೇ, ಸ್ಕ್ಯಾನ್ ಮಾಡಿದ ಫೋಟೋ ಅಪ್‌ಲೋಡ್ ಆಗುತ್ತದೆಯೇ ನೋಡಿ. ಎಲ್ಲ ಸರಿ ಅಂತಾದ ಮೇಲೆ ದಿನಕ್ಕೆ ಎರಡು ಸೀಟಿನಂತೆ ಬದಲಾಯಿಸುತ್ತಾ ಬನ್ನಿ, ಅಂಗಡಿ ಮುಚ್ಚಬೇಕಾಗಿಲ್ಲ. ಪ್ರತಿಯೊಂದಕ್ಕೂ ಹೆಸರು ಬದಲಿಸಿ:

```
Rename-Computer -NewName "SEAT-07" -Restart
```

ಇಮೇಜ್‌ನಲ್ಲಿ ಬರದೇ ಇರುವುದು ಬಯೋಸ್ ಸೆಟ್ಟಿಂಗ್. ಇದರಲ್ಲೇ ಜನ ಎಡವುವುದು. ಹನ್ನೆರಡನೇ ತಲೆಮಾರಿನ ಬೋರ್ಡ್‌ಗಳಲ್ಲಿ ಎಸ್‌ಎಸ್‌ಡಿಯನ್ನು ವಿಂಡೋಸ್‌ಗೆ ಹೇಗೆ ತೋರಿಸಬೇಕು ಅಂತ ತೀರ್ಮಾನಿಸುವ `VMD` ಅಂತ ಒಂದು ಆಯ್ಕೆ ಇರಬಹುದು. ಮಾಸ್ಟರ್‌ನಲ್ಲಿ ಅದು ಆಫ್ ಇದ್ದು, ಸ್ಪೇರ್ ಬೋರ್ಡ್‌ನಲ್ಲಿ ಆನ್ ಇದ್ದರೆ, ಇಮೇಜ್ ಸರಿಯಾಗಿ ಇಳಿದಿದ್ದರೂ ವಿಂಡೋಸ್ ನೀಲಿ ಪರದೆ ತೋರಿಸಿ `INACCESSIBLE_BOOT_DEVICE` ಅನ್ನುತ್ತದೆ. ಎಸ್‌ಎಸ್‌ಡಿ ಕೆಟ್ಟಿತು ಅಂದುಕೊಂಡು ಅರ್ಧ ದಿನ ಕಳೆಯುವವರಿದ್ದಾರೆ. ಬಯೋಸ್ ವರ್ಷನ್, `VMD`, ಟಿಪಿಎಂ, ಕರೆಂಟ್ ಬಂದಾಗ ತಾನಾಗಿ ಆನ್ ಆಗಬೇಕೋ ಬೇಡವೋ, ಈ ನಾಲ್ಕನ್ನು ಫೋನ್‌ನಲ್ಲಿ ಫೋಟೋ ಹೊಡೆದು, ಪ್ರಿಂಟ್ ತೆಗೆದು ಸ್ಪೇರ್ ಡಬ್ಬದ ಮುಚ್ಚಳಕ್ಕೆ ಅಂಟಿಸಿ.

ಲೈಸೆನ್ಸ್ ವಿಷಯ ಖರೀದಿಗೆ ಮುಂಚೆಯೇ ಕೇಳಿ. ಒಇಎಂ ಲೈಸೆನ್ಸ್ ಬೋರ್ಡ್‌ಗೆ ಅಂಟಿದ್ದು, ಬೋರ್ಡ್ ಬದಲಿಸಿದರೆ ಆ್ಯಕ್ಟಿವೇಷನ್ ಮತ್ತೆ ಕೇಳುತ್ತದೆ. ರೀಟೇಲ್ ಲೈಸೆನ್ಸ್ ಬೇರೆ ಬೋರ್ಡ್‌ಗೆ ದಾಟಿಸಬಹುದು. ಸಿಸ್ಟಂ ಅನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವವರಿಗೆ ಮೈಕ್ರೋಸಾಫ್ಟ್ ಪ್ರತ್ಯೇಕ ಬಾಡಿಗೆ ಹಕ್ಕಿನ ಲೈಸೆನ್ಸ್ ಇಟ್ಟಿದೆ. ಡೀಲರ್ ಈ ಮಾತು ತೆಗೆಯುವುದಿಲ್ಲ, ನೀವೇ ತೆಗೆಯಬೇಕು.

ಏಳನೇ ಸೀಟು ಸತ್ತ ದಿನ

ರಾತ್ರಿ ಗುಡುಗಿದೆ, ಬೆಳಿಗ್ಗೆ ಏಳನೇ ಸೀಟಿನ ಬಟನ್ ಒತ್ತಿದರೆ ಏನೂ ಇಲ್ಲ. ಪ್ಲಗ್ ಕಿತ್ತು, ಸ್ಪೇರ್ ಎಸ್‌ಎಂಪಿಎಸ್ ಅನ್ನು ಹೊರಗಿಟ್ಟುಕೊಂಡೇ 24 ಪಿನ್ ಮತ್ತು ಪ್ರೊಸೆಸರ್ ಕನೆಕ್ಟರ್ ಎರಡನ್ನೂ ಬೋರ್ಡ್‌ಗೆ ಹಾಕಿ ನೋಡಿ. ಆನ್ ಆದರೆ ಕಥೆ ಮುಗಿಯಿತು, ಆಮೇಲೆ ಒಳಗೆ ಕೂರಿಸಿ. ಹಳೇ ಎಸ್‌ಎಂಪಿಎಸ್‌ನ ಹಸಿರು-ಕಪ್ಪು ವೈರ್ ಮುಟ್ಟಿಸಿ ಫ್ಯಾನ್ ತಿರುಗಿತು ಅಂತ ಅದು ಸರಿಯಿದೆ ಅನ್ನಬೇಡಿ. ಲೋಡ್ ಇಲ್ಲದೆ ತಿರುಗುವ ಫ್ಯಾನ್ ಹೇಳುವುದು ಅರ್ಧ ಸತ್ಯ.

ಫ್ಯಾನ್ ತಿರುಗಿ ಪರದೆ ಕಪ್ಪಾಗಿದ್ದರೆ ಸ್ಪೇರ್ ರ್‍ಯಾಮ್ ಹಾಕಿ ನೋಡಿ, ಅದಕ್ಕೂ ಮುಂಚೆ ಇದ್ದ ರ್‍ಯಾಮ್‌ನ ಹೊಂಬಣ್ಣದ ಕಾಲುಗಳನ್ನು ರಬ್ಬರ್‌ನಿಂದ ಉಜ್ಜಿ. ವಿಂಡೋಸ್ ಬಂದು ಇಂಟರ್‌ನೆಟ್ ಮಾತ್ರ ಇಲ್ಲದಿದ್ದರೆ ಎಂಟನೇ ಸೀಟಿನ ಕೇಬಲ್ ಎಳೆದು ಚುಚ್ಚಿ. ಆಗಲೂ ಲ್ಯಾನ್ ದೀಪ ಹತ್ತದಿದ್ದರೆ ಪೋರ್ಟ್ ಹೋಗಿದೆ, ಯುಎಸ್‌ಬಿ ಅಡಾಪ್ಟರ್ ಹಾಕಿ. ಇಷ್ಟರಲ್ಲಿ ಯಾವುದೂ ಆಗದಿದ್ದರೆ ಸೀಟಿನಲ್ಲಿ ಹನ್ನೊಂದನೇ ಸಿಸ್ಟಂ ಇಟ್ಟು ಗಿರಾಕಿ ಕೂರಿಸಿ, ಸತ್ತದ್ದನ್ನು ಸಂಜೆ ನಿಧಾನಕ್ಕೆ ನೋಡಿ. ಬೆಳಿಗ್ಗೆ ಹತ್ತು ಗಂಟೆಗೆ ಬೋರ್ಡ್ ಬಿಚ್ಚಿಕೊಂಡು ಕೂರುವುದು ಬೇಡ.

ತೆಗೆದ ಭಾಗದ ಸೀರಿಯಲ್, ತಾರೀಖು, ಸೀಟಿನ ನಂಬರ್ ಪುಸ್ತಕದಲ್ಲಿ ಬರೆದು, ಅದೇ ವಾರ ವಾರಂಟಿಗೆ ಕಳಿಸಿ. ಒಂದೇ ಸೀಟಿನಲ್ಲಿ ಎರಡನೇ ಎಸ್‌ಎಂಪಿಎಸ್ ಹೋಯಿತು ಅಂತ ಪುಸ್ತಕ ತೋರಿಸಿದರೆ ತಪ್ಪು ಎಸ್‌ಎಂಪಿಎಸ್‌ನದಲ್ಲ, ಆ ಪ್ಲಗ್‌ನದು.

ಹಳೇ ಸಿಸ್ಟಂಗಳು

ಎಕ್ಸ್‌ಚೇಂಜ್‌ಗೆ ಕೊಡುವ ಮೊದಲು ಎರಡು ಕೆಲಸ. ಸೈಬರ್ ಕೆಫೆಗಳ 2011ರ ನಿಯಮದಂತೆ ಬಳಕೆದಾರರ ಲಾಗ್ ಮತ್ತು ನೋಡಿದ ತಾಣಗಳ ದಾಖಲೆ ಕನಿಷ್ಠ ಒಂದು ವರ್ಷ ಇರಬೇಕು. ಹಳೇ ಸಿಸ್ಟಂನಲ್ಲಿ ಇರುವುದನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಿ ಬೀಗ ಹಾಕಿಡಿ. ಎರಡನೆಯದು, `Downloads` ಫೋಲ್ಡರ್‌ನಲ್ಲಿ ಊರವರ ಆಧಾರ್, ಪಾಸ್‌ಬುಕ್, ಮಾರ್ಕ್ಸ್‌ಕಾರ್ಡ್ ತುಂಬಿರುತ್ತವೆ. ಫಾರ್ಮ್ಯಾಟ್ ಸಾಲದು. ಹಳೇ ಹಾರ್ಡ್‌ಡಿಸ್ಕ್ ಒಂದನ್ನೇ ಯುಎಸ್‌ಬಿ ಕೇಸ್‌ನಲ್ಲಿ ಹಾಕಿ:

```
diskpart
list disk
select disk 1
clean all
```

ಇಲ್ಲಿ 1 ಅನ್ನುವುದು ಉದಾಹರಣೆ, `list disk` ತೋರಿಸಿದ ಗಾತ್ರ ನೋಡಿ ಸರಿಯಾದ ನಂಬರ್ ಹಾಕಿ. ತಪ್ಪಿದರೆ ಹೊಸ ಡಿಸ್ಕ್ ಅಳಿಯುತ್ತದೆ. ಒಂದೊಂದಕ್ಕೂ ಕೆಲವು ಗಂಟೆ ಹಿಡಿಯುತ್ತದೆ, ರಾತ್ರಿ ಬಿಟ್ಟು ಹೋಗಿ. ಓದಲಿಕ್ಕೇ ಆಗದ ಡಿಸ್ಕ್ ಇದ್ದರೆ ಬಿಚ್ಚಿ ತಟ್ಟೆಗೇ ಡ್ರಿಲ್ ಹಾಕಿ, ಡಿಸ್ಕ್ ಸಮೇತ ಯಾರಿಗೂ ಕೊಡಬೇಡಿ.

ಮೂರು-ನಾಲ್ಕು ವರ್ಷದ ಮೇಲೆ ಎರಡೂ ಸ್ಪೇರ್ ಬೋರ್ಡ್ ಖರ್ಚಾಗಿ, ಅದೇ ಬೋರ್ಡ್ ಎಲ್ಲೂ ಸಿಗದಿದ್ದರೆ ಬೇರೆ ಮಾಡೆಲ್ ತಂದು ನಡುವೆ ಸೇರಿಸಬೇಡಿ. ಮುಂದೆ ಬೋರ್ಡ್ ಹೋದ ಸೀಟನ್ನು ಕೈಬಿಟ್ಟು, ಅದರ ಪ್ರೊಸೆಸರ್, ರ್‍ಯಾಮ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್‌ಗಳನ್ನು ಉಳಿದ ಒಂಬತ್ತಕ್ಕೆ ಸ್ಪೇರ್ ಮಾಡಿಕೊಳ್ಳಿ. ಸೀಟು ಏಳಕ್ಕೆ ಇಳಿಯುವ ಹೊತ್ತಿಗೆ ಮುಂದಿನ ಕೊಟೇಷನ್ ಕೇಳಿ.